ಕುಡಿದು ಎರಡು ದಿನವಾದರೂ ತೂರಾಟ: ಗ್ಲೂಕೋಸ್ ಬಾಟ್ಲಿ ಸಾಕೇ?

ಪ್ರಶ್ನೆ: ನಮ್ಮ ಮಾವನಿಗೆ 48 ವರ್ಷ, ದಾವಣಗೆರೆಯಲ್ಲಿ ಹಮಾಲಿ ಕೆಲಸ. ಇಪ್ಪತ್ತು ವರ್ಷದಿಂದ ದಿನಾ ಕುಡೀತಾರೆ. ಎರಡು ತಿಂಗಳಿಂದ ಊಟ ಬಿಟ್ಟು ಬರೀ ಮಂಡಕ್ಕಿ, ಮಿರ್ಚಿ. ನಾಲ್ಕು ದಿನದಿಂದ ವಾಂತಿ, ಕುಡಿದು ಎರಡು ದಿನ ಆಯ್ತು. ಆದರೂ ತೂರಾಡ್ತಾರೆ, ಎಲ್ಲಾ ಎರಡೆರಡು ಕಾಣ್ತದೆ ಅಂತಾರೆ, ಮನೇಲೇ ಕೂತು ಮಗಳ ಊರಲ್ಲಿದ್ದೀನಿ ಅಂತಾರೆ. ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿದ್ರೆ ಸಾಕಾ?

ಉತ್ತರ: ಸಾಕಾಗದು. ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡಬಹುದು. ಇವತ್ತೇ, 108 ಕರೆದಾದರೂ ಸರಿ, ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ನೀವು ಬರೆದದ್ದು ಒಂದು ಜೀವಸತ್ವದ ಕೊರತೆಯಿಂದ ಮಿದುಳಿಗೆ ಬರುವ ಕಾಯಿಲೆಯಾದ ವರ್ನಿಕೆ ಎನ್ಸೆಫಲೋಪಥಿಯ ಚಿತ್ರ. ಮಿದುಳು ಸಕ್ಕರೆಯನ್ನು ಶಕ್ತಿಯಾಗಿಸಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಕೇಬೇಕು. ದೇಹದಲ್ಲಿ ಅದರ ದಾಸ್ತಾನು ಸುಮಾರು 30 ಮಿ.ಗ್ರಾಂ ಅಷ್ಟೇ, ಊಟದಲ್ಲಿ ಸಿಗದಿದ್ದರೆ ಎರಡು-ಮೂರು ವಾರದಲ್ಲಿ ಬರಿದಾಗುತ್ತದೆ. ಮದ್ಯ ಕರುಳಿನಲ್ಲಿ ಅದರ ಹೀರಿಕೆಯನ್ನೂ ತಡೆಯುತ್ತದೆ. ಇಂಥ ಸ್ಥಿತಿಯಲ್ಲಿ ಸಕ್ಕರೆ ಸುರಿದರೆ ಉಳಿದ ಚೂರುಪಾರೂ ಅದಕ್ಕೇ ಖರ್ಚಾಗುತ್ತದೆ. ಸಕ್ಕರೆ ನಿಜಕ್ಕೂ ಕುಸಿದಿದ್ದರೆ ಗ್ಲೂಕೋಸ್ ತಡಮಾಡುವಂತಿಲ್ಲ, ಆದರೆ ಥಯಾಮಿನ್ ಜೊತೆಯಲ್ಲೇ ಹೋಗಬೇಕು.

ಇದನ್ನು ಖಚಿತಪಡಿಸಲು ಸ್ಕ್ಯಾನ್‌ಗೆ ಕಾಯುವುದಿಲ್ಲ. ಎಂಆರ್‌ಐ ಸರಿಯಿದ್ದರೂ ಕಾಯಿಲೆ ಇರಬಹುದು. ನಾಲ್ಕು ಸಂಗತಿ ನೋಡುತ್ತಾರೆ: ಊಟದ ಕೊರತೆ, ಕಣ್ಣಿನ ತೊಂದರೆ, ಕಾಲು ಅಗಲಿಸಿ ತೂರಾಡುವ ನಡಿಗೆ, ಗೊಂದಲ ಅಥವಾ ಮರೆವು. ಎರಡಿದ್ದರೂ ಚಿಕಿತ್ಸೆ ಶುರು. ನಿಮ್ಮ ಮಾವನಿಗೆ ನಾಲ್ಕೂ ಇವೆ. ಮನೆಯಲ್ಲೇ ಬೆರಳು ಅತ್ತಿತ್ತ ಆಡಿಸಿ, ತಲೆ ಅಲ್ಲಾಡಿಸದೆ ನೋಡಲು ಹೇಳಿ. ಗುಡ್ಡೆ ಪಕ್ಕಕ್ಕೆ ತಿರುಗದಿದ್ದರೆ, ಪಟಪಟ ಅದುರಿದರೆ ಅದನ್ನು ಡಾಕ್ಟರಿಗೆ ಹೇಳಿ. ಕುಡಿತ ನಿಂತ ಮೊದಲ ಎರಡು-ಮೂರು ದಿನಗಳಲ್ಲಿ ಬೆವರು, ಕೈನಡುಕ, ಫಿಟ್ಸ್ ಬರುವುದು ಬೇರೆ ತೊಂದರೆ. ಎರಡೂ ಒಟ್ಟಿಗೆ ಬರುವುದುಂಟು.

ಮಾತ್ರೆ ಈ ಹಂತದಲ್ಲಿ ಕೆಲಸಕ್ಕೆ ಬಾರದು. ಗಟ್ಟಿಮುಟ್ಟಾದವರ ಕರುಳೂ ಒಂದು ಸಲಕ್ಕೆ ಹೀರುವುದು ಕೆಲವೇ ಮಿ.ಗ್ರಾಂ. ಹಲವು ಮಾರ್ಗಸೂಚಿಗಳು ಹೇಳುವುದು 500 ಮಿ.ಗ್ರಾಂ ಥಯಾಮಿನ್ ಅನ್ನು ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ, ದಿನಕ್ಕೆ ಮೂರು ಸಲ, ಎರಡು-ಮೂರು ದಿನ. ಆಮೇಲೆ ದಿನಕ್ಕೆ 250. ಬಾಟ್ಲಿಗೆ ಬೆರೆಸುವ ಬಿ-ಕಾಂಪ್ಲೆಕ್ಸ್ ಆಂಪ್ಯೂಲ್ ಹಲವದರಲ್ಲಿ ಇರುವುದು ನೂರರ ಆಸುಪಾಸು, ಬಾಟ್ಲಿ ಹಳದಿಯಾಯಿತೆಂದು ನೆಮ್ಮದಿಪಡಬೇಡಿ. ಮೆಗ್ನೀಸಿಯಂ ಕಡಿಮೆಯಿದ್ದರೆ ಥಯಾಮಿನ್ ಸರಿಯಾಗಿ ಕೆಲಸ ಮಾಡದು, ಅದನ್ನೂ ಪರೀಕ್ಷಿಸಿ ತುಂಬುತ್ತಾರೆ.

ಕಣ್ಣು ಕೆಲವು ಗಂಟೆ, ದಿನಗಳಲ್ಲೇ ಸುಧಾರಿಸುತ್ತದೆ. ನಡಿಗೆಗೆ ವಾರಗಟ್ಟಲೆ ಬೇಕು, ಕೆಲವರಿಗೆ ಪೂರ್ತಿ ಸರಿಹೋಗದು. ತಡವಾದರೆ ಉಳಿಯುವುದು ಕೋರ್ಸಕಾಫ್ ಸ್ಥಿತಿ: ಹಳೆಯದೆಲ್ಲ ಹೆಚ್ಚುಕಮ್ಮಿ ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ಏನು ತಿಂದಿರಿ ಎಂದರೆ ಆಸ್ಪತ್ರೆ ಮಂಚದ ಮೇಲೆ ಕೂತೇ ‘ಮಗಳ ಮನೇಲಿ ರೊಟ್ಟಿ’ ಎನ್ನುತ್ತಾರೆ. ಅದು ಸುಳ್ಳಲ್ಲ, ಖಾಲಿ ಜಾಗಕ್ಕೆ ಮಿದುಳು ತಾನೇ ತುಂಬಿಕೊಂಡದ್ದು. ಬಯ್ಯಬೇಡಿ.