ಒಂದೇ ಹಾಡು, ಮೂರು ಸ್ಪೀಕರು: ದಪ್ಪ ತಂತಿಯ ಸ್ವರ ಎಲ್ಲಿ ಹೋಗುತ್ತದೆ?

ನಾಲ್ಕು ತಂತಿಗಳ ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇದು ಆ ಸ್ವರದ ಮೂಲ ಆವೃತ್ತಿ, ಅಂದರೆ 41 ಹರ್ಟ್ಜ್. ಇದರ ಜೊತೆಯಲ್ಲೇ ಇದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಉಪಸ್ವರಗಳೂ ಹುಟ್ಟುತ್ತವೆ: 82, 123, 164, ಹೀಗೆ ಮೇಲಕ್ಕೆ. ಹಾಡಿನ ಫೈಲಿನಲ್ಲಿ ಇವೆಲ್ಲವೂ ಇರುತ್ತವೆ. ಅವುಗಳಲ್ಲಿ ಎಷ್ಟು ಕಿವಿಯವರೆಗೆ ತಲುಪುತ್ತವೆ ಎಂಬುದನ್ನು ಮಾತ್ರ ಸ್ಪೀಕರು ಮತ್ತು ಅದರ ಸುತ್ತಲಿನ ಜಾಗ ನಿರ್ಧರಿಸುತ್ತವೆ.

ಫೋನಿನಲ್ಲಿ 41 ಹರ್ಟ್ಜ್ ಕೇಳುವುದೇ ಇಲ್ಲ. ತೆರೆದ ಜಾಗದಲ್ಲಿ ಅಷ್ಟೇ ಜೋರಾಗಿ ಸದ್ದು ಮಾಡಬೇಕಿದ್ದರೆ, ಆವೃತ್ತಿ ಅರ್ಧಕ್ಕೆ ಇಳಿದಾಗಲೆಲ್ಲ ಸ್ಪೀಕರಿನ ಪೊರೆ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕು. 410 ಹರ್ಟ್ಜ್‌ಗೆ ಬೇಕಾದ ಚಲನೆಯ ನೂರು ಪಟ್ಟು 41 ಹರ್ಟ್ಜ್‌ಗೆ ಬೇಕಾಗುತ್ತದೆ, ಮತ್ತು ಕೆಲವೇ ಮಿಲಿಮೀಟರ್ ದಪ್ಪದ ಫೋನಿನೊಳಗೆ ಅದಕ್ಕೆ ಸ್ಥಳವೇ ಇಲ್ಲ. ಆದರೂ ಬೇಸ್ ಗಿಟಾರ್ ನುಡಿಸುತ್ತಿರುವ ಸ್ವರವನ್ನು ನಾವು ಗುರುತಿಸುತ್ತೇವೆ. ಮೇಲಿನ ಉಪಸ್ವರಗಳ ನಡುವಿನ ಅಂತರ 41 ಇರುವುದರಿಂದ, ಇಲ್ಲದ ಮೂಲಸ್ವರವನ್ನು ಮಿದುಳು ಊಹಿಸಿಕೊಳ್ಳುತ್ತದೆ. ಶ್ರವಣದ ವಿಚಾರದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ನನಗೆ ಕಂಡಿಲ್ಲ. ಸ್ವರದ ಗುರುತು ಸಿಗುತ್ತದೆ, ಎದೆಗೆ ತಾಗುವ ಭಾರ ಮಾತ್ರ ಸಿಗುವುದಿಲ್ಲ. ಬೇರೆ ಬೇರೆ ಆವೃತ್ತಿಗಳ ಸದ್ದನ್ನು ಪ್ರತ್ಯೇಕವಾಗಿ ಏರಿಳಿಸುವ ಈಕ್ವಲೈಜರಿನಲ್ಲಿ 60 ಹರ್ಟ್ಜ್‌ನ ಪಟ್ಟಿಯನ್ನು ಎಷ್ಟು ಮೇಲೇರಿಸಿದರೂ ಆ ಭಾರ ಬಾರದು. ಪೊರೆ ತನ್ನ ಮಿತಿ ಮುಟ್ಟಿ ಗಾಯಕರ ಧ್ವನಿಯೂ ಒಡೆದಂತೆ ಕೇಳಿಸಬಹುದು, ಅಷ್ಟೆ.

ಅಷ್ಟೇ ಪುಟ್ಟ ಪೊರೆಯಿರುವ ಇಯರ್‌ಫೋನಿನಲ್ಲಿ ಅದೇ ಸ್ವರ ತುಂಬಿಕೊಂಡು ಕೇಳುತ್ತದೆ, ಏಕೆಂದರೆ ಅದು ಕೋಣೆಯ ಗಾಳಿಯನ್ನಲ್ಲ, ಕಿವಿಯ ನಾಳದಲ್ಲಿ ಮುಚ್ಚಿಕೊಂಡ ಚಿಟಿಕೆಯಷ್ಟು ಗಾಳಿಯನ್ನು ಒತ್ತಿದರೆ ಸಾಕು. ಈ ಅನುಕೂಲವೆಲ್ಲ ಆ ಮುಚ್ಚುವಿಕೆಯ ಮೇಲೆಯೇ ನಿಂತಿದೆ. ರಬ್ಬರ್ ತುದಿಯ ಪಕ್ಕದಲ್ಲಿ ಸಣ್ಣ ಸಂದಿ ಉಳಿದರೂ ಒತ್ತಡ ಅಲ್ಲಿಂದ ಸೋರಿ, ಮೊದಲು ಕೆಳಗಿನ ಸ್ವರಗಳೇ ಮಾಯವಾಗುತ್ತವೆ. ಪರೀಕ್ಷೆ ಸುಲಭ: ಹಾಡು ನಡೆಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಬೇಸ್ ತಟ್ಟನೆ ಹೆಚ್ಚಾದರೆ ಬದಲಿಸಬೇಕಾದದ್ದು ರಬ್ಬರ್ ತುದಿಯ ಅಳತೆಯನ್ನು, ಈಕ್ವಲೈಜರನ್ನಲ್ಲ.

ಕಾರಿನ ಕಥೆ ಹೆಚ್ಚು ಜಟಿಲ. 41 ಹರ್ಟ್ಜ್‌ನ ಅಲೆ ಎಂಟು ಮೀಟರಿಗಿಂತಲೂ ಉದ್ದವಿದ್ದು, ಕಾರಿನ ಒಳಭಾಗ ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಅಲ್ಲಿ ಅಲೆ ಹರಿಯುವ ಬದಲು ಇಡೀ ಒಳಗಾಳಿಯ ಒತ್ತಡವೇ ಏರಿಳಿಯುತ್ತದೆ, ಕೆಳಸ್ವರಗಳಿಗೆ ಬಲ ಬರುತ್ತದೆ. ಸ್ವಲ್ಪ ಮೇಲಿನ ಆವೃತ್ತಿಗಳಲ್ಲಿ ಅಲೆಗಳು ಗಾಜು, ಬಾಗಿಲುಗಳಿಗೆ ಬಡಿದು ಮರಳಿ ತಮ್ಮನ್ನೇ ಕೂಡಿಕೊಳ್ಳುತ್ತವೆ. ಒಳ ಉದ್ದ ಎರಡೂವರೆ ಮೀಟರ್ ಇದ್ದರೆ ಇದು ಸುಮಾರು 68 ಹರ್ಟ್ಜ್‌ನಿಂದ ಶುರುವಾಗುತ್ತದೆ. ಅದರಿಂದಾಗಿ ಒಂದು ಸ್ವರ ಗುಮ್ಮೆಂದು ಉಬ್ಬಿ, ಪಕ್ಕದ ಸ್ವರ ಕುಗ್ಗುತ್ತದೆ, ಮತ್ತು ಆಸನ ಬದಲಾದರೆ ಅದೂ ಬದಲಾಗುತ್ತದೆ. ಕಾರು ಓಡತೊಡಗಿದ ಮೇಲೆ ಟೈರು, ಎಂಜಿನ್ನುಗಳ ಸದ್ದು ಇದೇ ಕೆಳಗಿನ ಆವೃತ್ತಿಗಳನ್ನು ಮುಚ್ಚಿಬಿಡುವುದರಿಂದ, ನಿಂತಾಗ ಅತಿಯೆನಿಸಿದ ಬೇಸ್ ಹೆದ್ದಾರಿಯಲ್ಲಿ ಸಾಲದೆನಿಸುತ್ತದೆ.

ಗುಮ್ಮೆನ್ನುವ ಜಾಗವನ್ನು ಹುಡುಕಲು ಕಾರನ್ನು ನಿಲ್ಲಿಸಿ, ಸದ್ದನ್ನು ತಗ್ಗಿಸಿಟ್ಟುಕೊಂಡು, ಈಕ್ವಲೈಜರಿನ ಕೆಳಗಿನ ಪಟ್ಟಿಗಳನ್ನು ಒಂದೊಂದಾಗಿ ಏರಿಸಿ ನೋಡಿ ಮತ್ತೆ ಸೊನ್ನೆಗೆ ತನ್ನಿ. ಯಾವುದನ್ನು ಏರಿಸಿದಾಗ ಆ ಉಬ್ಬು ಅಸಹನೀಯವಾಗುತ್ತದೆಯೋ ಅದೇ ಅಪರಾಧಿ. ಉದಾಹರಣೆಗೆ ಅದು 125 ಹರ್ಟ್ಜ್‌ನ ಪಟ್ಟಿಯಾಗಿದ್ದರೆ ಅದನ್ನು 3 ಡೆಸಿಬಲ್ ಇಳಿಸಿ. ಮುಸುಕು ಸರಿದು ಹಾಡಿನ ಮಾತುಗಳು ಸ್ಪಷ್ಟವಾಗುವುದನ್ನು ಕೇಳಬಹುದು. ಒಂದು ಸ್ವರ ಪೂರ್ತಿ ಕುಗ್ಗಿಹೋಗಿರುವ ಕಡೆ ಏರಿಸುವುದರಿಂದ ಹೆಚ್ಚು ಲಾಭವಿಲ್ಲ, ಏಕೆಂದರೆ ಅದನ್ನು ಅಳಿಸುತ್ತಿರುವ ಮರಳಿ ಬಂದ ಅಲೆಯೂ ಅಷ್ಟೇ ಬೆಳೆಯುತ್ತದೆ.

ಇಳಿಸುವುದನ್ನೇ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 6 ಡೆಸಿಬಲ್ ಏರಿಸಿದರೆ ಸಂಕೇತದ ಎತ್ತರ ಎರಡರಷ್ಟಾಗುತ್ತದೆ, ಆಂಪ್ಲಿಫೈಯರು ಕೊಡಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಇಂದಿನ ಬಹುಪಾಲು ಹಾಡುಗಳು ಡಿಜಿಟಲ್ ಮಿತಿಯ ಅಂಚಿನವರೆಗೆ ತುಂಬಿಕೊಂಡೇ ಬರುವುದರಿಂದ, ಅದಕ್ಕಿಂತ ಮೇಲೇರಿದ ಅಲೆಯ ತಲೆ ಕತ್ತರಿಸಿಹೋಗಿ ಡ್ರಮ್ಮಿನ ಪ್ರತಿ ಹೊಡೆತಕ್ಕೂ ಕರಕರ ಸದ್ದು ಸೇರಿಕೊಳ್ಳುತ್ತದೆ. ಏರಿಸಲೇಬೇಕಿದ್ದರೆ, ಈಕ್ವಲೈಜರಿನಲ್ಲೇ ಒಟ್ಟು ಸದ್ದನ್ನು ಏರಿಳಿಸುವ ಪ್ರಿಆಂಪ್ ಪಟ್ಟಿಯನ್ನು ಅಷ್ಟೇ ಡೆಸಿಬಲ್ ಕೆಳಗಿಳಿಸಿ. ಜೋರಾದದ್ದೆಲ್ಲ ಚೆನ್ನಾಗಿದೆ ಎಂದು ಕಿವಿ ನಂಬುವುದರಿಂದ, ಈಕ್ವಲೈಜರನ್ನು ಹಚ್ಚಿ, ಆರಿಸಿ ಹೋಲಿಸುವಾಗಲೂ ಎರಡರ ಒಟ್ಟು ಸದ್ದು ಸಮವಾಗಿರಬೇಕು.

ಇಯರ್‌ಫೋನಿಗೆಂದು ಫೋನಿನಲ್ಲಿ ಮಾಡಿಟ್ಟ ಹೊಂದಿಕೆ ಕಾರಿಗೆ ಜೋಡಿಸಿದಾಗಲೂ ಜಾರಿಯಲ್ಲಿದ್ದು, ಕಾರಿನ ಸ್ವಂತ ಈಕ್ವಲೈಜರಿನ ಮೇಲೆ ಕೂಡಿಕೊಳ್ಳುವುದುಂಟು: ಅಲ್ಲೊಂದು 5, ಇಲ್ಲೊಂದು 5 ಸೇರಿ 10 ಡೆಸಿಬಲ್ ಆದರೆ ಶಕ್ತಿಯ ಬೇಡಿಕೆ ಹತ್ತು ಪಟ್ಟು. ಕಾರಿನಲ್ಲಿ ಕೇಳುವಾಗ ಫೋನಿನ ಈಕ್ವಲೈಜರನ್ನು ಆಫ್ ಮಾಡಿ, ಕಾರಿನದನ್ನು ಮಾತ್ರ ಬಳಸುವುದು ಲೇಸು.