ಅರಬೈಲ್ ಘಾಟ್ ಹತ್ತುವ ಮೊದಲೇ ಚಾರ್ಜ್ ಮಾಡಿ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಯಲ್ಲಾಪುರದಿಂದ ಫೋನ್ ಬಂತು. ನಮ್ಮ ವರ್ಕ್‌ಶಾಪಿಗೆ ಎಲೆಕ್ಟ್ರಿಕ್ ಕಾರು ತರುವ ಕಾರವಾರದವರು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹುಬ್ಬಳ್ಳಿ ಆಸ್ಪತ್ರೆಗೆ ಹೊರಟಿದ್ದರು. "ಸರ್, ಚಾರ್ಜರ್ ಗನ್ ಹಾಕಿದೆ, ಚಾರ್ಜ್ ತಗೊಳ್ತಾ ಇಲ್ಲ. ರಾತ್ರಿಯಿಂದ ಕರೆಂಟೇ ಇಲ್ವಂತೆ." ಬ್ಯಾಟರಿ ಎಷ್ಟಿದೆ ಅಂತ ಕೇಳಿದೆ. 26 ಪರ್ಸೆಂಟ್. ಅಲ್ಲಿಂದ ಹುಬ್ಬಳ್ಳಿಗೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ.

ಅವರ ಲೆಕ್ಕ ತಪ್ಪಿದ್ದು ಯಲ್ಲಾಪುರದಲ್ಲಿ ಅಲ್ಲ, ಅಂಕೋಲಾದಲ್ಲಿ. ಹೇಗೆ ಅಂತ ಯೂನಿಟ್ ಲೆಕ್ಕದಲ್ಲಿ ನೋಡೋಣ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್.

ಅವರ ಕಾರಿನ ಬ್ಯಾಟರಿ 40 ಯೂನಿಟಿನದು. ಏಸಿ ಹಾಕಿ 80ರ ವೇಗದಲ್ಲಿ ಹೋದರೆ ಸಮತಟ್ಟು ರಸ್ತೆಯಲ್ಲಿ ಯೂನಿಟಿಗೆ 7 ಕಿಲೋಮೀಟರ್ ಕೊಡುತ್ತದೆ. ಕಾರವಾರದಿಂದ ಅಂಕೋಲಾ ಸುಮಾರು 35 ಕಿಲೋಮೀಟರ್, ಅಂದರೆ 5 ಯೂನಿಟ್. ಅಂಕೋಲಾದಿಂದ ಯಲ್ಲಾಪುರ ಸುಮಾರು 65, ಅದಕ್ಕೆ 9 ಯೂನಿಟ್ ಚಿಲ್ಲರೆ. ಆದರೆ ಅರಬೈಲ್ ಘಾಟ್ ಇರುವ ಈ ದಾರಿಯಲ್ಲಿ ಕಾರು ಸಮುದ್ರದ ಮಟ್ಟದಿಂದ ಹೆಚ್ಚುಕಡಿಮೆ 550 ಮೀಟರ್ ಮೇಲೇರುತ್ತದೆ. ಜನ, ಸಾಮಾನು ಸೇರಿ ಎರಡು ಟನ್ ಹತ್ತಿರದ ಭಾರವನ್ನು ಅಷ್ಟು ಎತ್ತಲು ಇನ್ನೂ 3 ಯೂನಿಟ್ ಬೇಕು. ಒಟ್ಟು ಹನ್ನೆರಡೂವರೆ, ಅಂದರೆ 31 ಪರ್ಸೆಂಟ್. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್, 10 ಯೂನಿಟ್, 25 ಪರ್ಸೆಂಟ್.

ಅವರು ಮನೆಯಿಂದ ಹೊರಟಾಗ 70 ಪರ್ಸೆಂಟ್ ಇತ್ತು. ಹಿಂದಿನ ರಾತ್ರಿ ಚಾರ್ಜಿಗೆ ಹಾಕಿರಲಿಲ್ಲ. ಆದರೆ ಮೀಟರಿನಲ್ಲಿ ಇನ್ನೂ 195 ಕಿಲೋಮೀಟರ್ ಓಡುತ್ತದೆ ಅಂತ ತೋರಿಸುತ್ತಿತ್ತು, ಹುಬ್ಬಳ್ಳಿ 170, ಹಾಗಾಗಿ ಸಾಕಾಗುತ್ತದೆ, ಬೇಕಾದರೆ ಯಲ್ಲಾಪುರದಲ್ಲಿ ಸ್ವಲ್ಪ ಹಾಕಿಕೊಂಡರಾಯಿತು ಅಂದುಕೊಂಡರು. ಈ ಕಿಲೋಮೀಟರ್ ಅಂಕಿಯನ್ನು ನಂಬಬೇಡಿ. ಅದು ಇಷ್ಟು ದಿನ ನೀವು ಓಡಿಸಿದ ರೀತಿ ನೋಡಿ ಹೇಳುವ ಅಂದಾಜು. ಕರಾವಳಿಯ ಸಪಾಟು ರಸ್ತೆಯಲ್ಲೇ ಓಡಿದ ಕಾರಿಗೆ ಮುಂದೆ ಘಟ್ಟ ಇದೆ ಅಂತ ಹೇಗೆ ಗೊತ್ತಾಗಬೇಕು? ಪರ್ಸೆಂಟ್ ಹಿಡಿದು ಲೆಕ್ಕ ಹಾಕಿ.

ಅಂಕೋಲಾ ಮುಟ್ಟಿದಾಗ ಅವರ ಹತ್ತಿರ 57 ಇತ್ತು. ಅಲ್ಲೇ ಎಲ್ಲಾದರೂ ಫಾಸ್ಟ್ ಚಾರ್ಜರಿಗೆ ಹಾಕಿ 80 ಮಾಡಿಕೊಂಡಿದ್ದರೆ ಸುಮಾರು 9 ಯೂನಿಟ್, 25 ಕಿಲೋವ್ಯಾಟ್, ಅಂದರೆ ಗಂಟೆಗೆ 25 ಯೂನಿಟ್ ಸಿಕ್ಕರೂ 25 ನಿಮಿಷದೊಳಗೆ ಮುಗಿಯುತ್ತಿತ್ತು. ಆಗ ಯಲ್ಲಾಪುರಕ್ಕೆ 49, ಹುಬ್ಬಳ್ಳಿಗೆ 24. ಯಲ್ಲಾಪುರದ ಚಾರ್ಜರ್ ಕೆಟ್ಟಿದ್ದರೂ ಚಿಂತೆ ಇರುತ್ತಿರಲಿಲ್ಲ.

ನಾನು ಎಲ್ಲರಿಗೂ ಹೇಳುವುದು ಇದೊಂದೇ. 20 ಪರ್ಸೆಂಟ್ ಉಳಿಸಿಕೊಳ್ಳಿ ಅಂತ ಸುಮ್ನೆ ಒಂದು ಅಂಕಿ ಹಿಡಿದುಕೊಂಡರೆ ಸಾಲದು. ಒಂದು ಚಾರ್ಜರ್ ಮುಟ್ಟುವಾಗ, ಅದು ಕೆಲಸ ಮಾಡದಿದ್ದರೆ ಮುಂದಿನದಕ್ಕೋ ಹಿಂದಿನದಕ್ಕೋ ಹೋಗುವಷ್ಟು ಬ್ಯಾಟರಿ ಇರಬೇಕು. ಊರೂರಿಗೆ ಚಾರ್ಜರ್ ಇರುವ ಕಡೆ ಅದಕ್ಕೆ 8 ಸಾಕು. ಘಟ್ಟದ ಮೇಲೆ 35 ಬೇಕಾಗಬಹುದು. ಜೋರು ಮಳೆಯಿದ್ದರೆ ಎಲ್ಲದಕ್ಕೂ ಹತ್ತನೇ ಒಂದು ಪಾಲು ಜಾಸ್ತಿ ಸೇರಿಸುತ್ತೇನೆ, ನೀರು ನಿಂತ ರಸ್ತೆ ಕಾರನ್ನು ಹಿಡಿದು ಎಳೆಯುತ್ತದೆ.

ಆ್ಯಪಿನಲ್ಲಿ ಹಸಿರು ಬಣ್ಣ ಕಂಡರೆ ಚಾರ್ಜರ್ ಸರಿಯಿದೆ ಅಂತಲ್ಲ. ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದರು ಅಂತ ಆ್ಯಪ್ ತೋರಿಸಿದರೆ ಅದನ್ನು ನೋಡಿ. ಮೂರು ದಿನದಿಂದ ಯಾರೂ ಮಾಡಿಲ್ಲ ಅಂದರೆ ಅನುಮಾನ ಪಡಿ, ಅಲ್ಲಿಯ ಬಂಕಿಗೋ ಹೋಟೆಲಿಗೋ ಫೋನ್ ಮಾಡಿ ಕರೆಂಟ್ ಇದೆಯಾ ಕೇಳಿ. ಗನ್ ಹಾಕಿದ ಮೇಲೆ ಎರಡು ಮೂರು ನಿಮಿಷ ಅಲ್ಲೇ ನಿಂತು ಎಷ್ಟು ಕಿಲೋವ್ಯಾಟ್ ಬರುತ್ತಿದೆ ನೋಡಿ, ಆಮೇಲೆ ಚಹಾಕ್ಕೆ ಹೋಗಿ. ಪಕ್ಕದ ಗನ್ನಿನಲ್ಲಿ ಇನ್ನೊಂದು ಕಾರಿದ್ದರೆ ಎಷ್ಟೋ ಚಾರ್ಜರುಗಳಲ್ಲಿ ಪವರ್ ಎರಡಕ್ಕೂ ಹಂಚಿಹೋಗುತ್ತದೆ, ಅರ್ಧ ಗಂಟೆಯ ಕೆಲಸ ಒಂದು ಗಂಟೆ ಹಿಡಿಯುತ್ತದೆ.

ಮೇಲಿನಿಂದ ಕೆಳಗೆ ಬರುವಾಗ ಲೆಕ್ಕ ಬೇರೆ. ಯಲ್ಲಾಪುರದಲ್ಲಿ 100 ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನಲ್ಲಿ ವಾಪಸ್ ಬರುವ ಕರೆಂಟ್ ತೆಗೆದುಕೊಳ್ಳಲು ಜಾಗ ಇರುವುದಿಲ್ಲ, ಹೀಗೆ ಕರೆಂಟ್ ಮಾಡುತ್ತಾ ಕಾರನ್ನು ನಿಧಾನಿಸುವ ರೀಜೆನ್ ಕಡಿಮೆಯಾಗಿ ಎಲ್ಲಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. 80 ಧಾರಾಳ.

ಆ ದಿನ ಅವರನ್ನು ಪಾರು ಮಾಡಿದ್ದು ಡಿಕ್ಕಿಯಲ್ಲಿದ್ದ ಪೋರ್ಟಬಲ್ ಚಾರ್ಜರ್. ಜನರೇಟರ್ ಇದ್ದ ಒಂದು ಲಾಡ್ಜಿನವರು 15 ಆಂಪ್ ಸಾಕೆಟ್ ಕೊಟ್ಟರು. ಮೊದಲು ಚಾರ್ಜರಿನಲ್ಲಿ ಕೆಂಪು ದೀಪ ಬಂತಂತೆ, ಆ ಸಾಕೆಟ್ಟಿಗೆ ಅರ್ಥಿಂಗ್ ಇರಲಿಲ್ಲ. ಇನ್ನೊಂದು ರೂಮಿನ ಸಾಕೆಟ್ಟಿನಲ್ಲಿ ಹಿಡಿಯಿತು. ಗಂಟೆಗೆ ಮೂರು ಯೂನಿಟ್ ಒಳಗೇ ಹೋಗುತ್ತದೆ, ಸುಮಾರು 20 ಕಿಲೋಮೀಟರಿನಷ್ಟು. ಮೂರು ಗಂಟೆ ಹಾಕಿ, ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ ಮುಟ್ಟಿದರು. ಡಾಕ್ಟರ್ ಅಪಾಯಿಂಟ್‌ಮೆಂಟ್ ಮಾತ್ರ ಮರುದಿನಕ್ಕೆ ಹೋಯಿತು.