ಎವಿಎಲ್ ಮರ ಎಷ್ಟು ಬಡಕಲಾಗಬಹುದು?

ಬೈನರಿ ಸರ್ಚ್ ಟ್ರೀಯಲ್ಲಿ ಚಿಕ್ಕ ಸಂಖ್ಯೆ ಎಡಕ್ಕೆ, ದೊಡ್ಡದು ಬಲಕ್ಕೆ. ಆದರೆ ಹತ್ತು ಲಕ್ಷ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲೇ ಹಾಕುತ್ತಾ ಹೋದರೆ ಎಲ್ಲವೂ ಬಲಕ್ಕೇ ಜೋತುಬೀಳುತ್ತವೆ. ಕೊನೆಯದನ್ನು ಹುಡುಕಲು ಹತ್ತು ಲಕ್ಷ ಹೆಜ್ಜೆ! 1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಇದಕ್ಕೊಂದು ಕಟ್ಟಳೆ ಹಾಕಿದರು. ಯಾವ ನೋಡ್ ತಗೊಂಡರೂ ಅದರ ಎಡ ಮತ್ತು ಬಲ ಭಾಗಗಳ ಎತ್ತರದಲ್ಲಿ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದೇ ಎವಿಎಲ್ ಮರ.

ಇಷ್ಟು ಸಡಿಲ ಕಟ್ಟಳೆ ಸಾಕಾ? ತಿಳಿಯಲು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಎತ್ತರ h ಇರುವ ಎವಿಎಲ್ ಮರಕ್ಕೆ ಕಡಿಮೆಯೆಂದರೆ ಎಷ್ಟು ನೋಡ್ ಬೇಕು? ಅದನ್ನು N(h) ಎನ್ನೋಣ. ಎತ್ತರವನ್ನು ಮಟ್ಟಗಳಲ್ಲಿ ಎಣಿಸೋಣ, ಒಂಟಿ ನೋಡ್‌ನ ಎತ್ತರ 1. (ಕೆಲವು ಪುಸ್ತಕಗಳು ಅದನ್ನು 0 ಅನ್ನುತ್ತವೆ. ಉತ್ತರ ಒಂದು ಮನೆ ಆಚೀಚೆ ಆದರೆ ಕಾರಣ ಸಾಮಾನ್ಯವಾಗಿ ಇದೇ.)

ಬೇರಿನ ಒಂದು ಬದಿಯ ಎತ್ತರ h-1 ಇರಲೇಬೇಕು, ಇಲ್ಲದಿದ್ದರೆ ಮರ h ಮುಟ್ಟುವುದಿಲ್ಲ. ಇನ್ನೊಂದು ಬದಿ h-1 ಇರಬಹುದು, ಇಲ್ಲವೇ h-2. ನಮಗೆ ಬೇಕಿರುವುದು ಜಿಪುಣತನ, ಹಾಗಾಗಿ h-2. ಎರಡೂ ಬದಿಗಳು ತಮ್ಮ ಎತ್ತರಕ್ಕೆ ಅತಿ ಬಡಕಲಾಗಿರಬೇಕು. ಬೇರಿನ ಒಂದು ನೋಡ್ ಸೇರಿಸಿದರೆ:

```
N(h) = N(h-1) + N(h-2) + 1
```

N(0)=0, N(1)=1. ಮುಂದೆ 2, 4, 7, 12, 20, 33.

ಎತ್ತರ 4, ನೋಡ್ 7 ಇರುವ ಮರ ನೋಡಿ:

```
        5
      /   \
     3     7
    / \   /
   2   4 6
  /
 1
```

ಇದರಲ್ಲಿ ಯಾವ ಎಲೆಯನ್ನೂ ಸುಮ್ನೆ ಕೀಳಲು ಆಗುವುದಿಲ್ಲ. 4 ತೆಗೆದರೆ 3ರ ಎಡಕ್ಕೆ ಎತ್ತರ 2, ಬಲಕ್ಕೆ 0, ಕಟ್ಟಳೆ ಮುರಿಯಿತು. 6 ತೆಗೆದರೆ ಬೇರಿನಲ್ಲೇ 3 ಮತ್ತು 1. ಇನ್ನು 1 ತೆಗೆದರೆ ಕಟ್ಟಳೆ ಉಳಿಯುತ್ತದೆ, ಆದರೆ ಎತ್ತರವೇ 3ಕ್ಕೆ ಇಳಿಯುತ್ತದೆ.

ಈಗ ಆ ಸರಣಿಗೆ ಒಂದೊಂದು ಕೂಡಿಸಿ: 1, 2, 3, 5, 8, 13, 21. ಫಿಬೊನಾಚಿ ಅಲ್ವಾ! ಕಾರಣ ಸರಳ. ಸೂತ್ರದ ಎರಡೂ ಕಡೆ 1 ಸೇರಿಸಿದರೆ ಬಲಗಡೆ ಒಟ್ಟು 2 ಆಗುತ್ತದೆ, ಅದನ್ನು ಎರಡು ಪದಗಳಿಗೂ ಒಂದೊಂದು ಹಂಚಬಹುದು. ಅಂದರೆ N(h)+1 ಎನ್ನುವುದು ತನ್ನ ಹಿಂದಿನ ಎರಡರ ಮೊತ್ತ. F(1)=F(2)=1 ಎಂದು ಶುರು ಮಾಡಿದರೆ N(h) = F(h+2) - 1. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸಿನ ಸಾಲುಗಳನ್ನು ಎಣಿಸುವಾಗ ಜೈನ ವಿದ್ವಾಂಸ ಹೇಮಚಂದ್ರ ಕಂಡದ್ದೂ ಇದೇ ಕೂಡಿಕೆಯನ್ನೇ.

ಹತ್ತು ಲಕ್ಷಕ್ಕೆ ವಾಪಸ್ ಬರೋಣ. ಎತ್ತರ 28ಕ್ಕೆ ಕನಿಷ್ಠ 8,32,039 ನೋಡ್ ಬೇಕು, 29ಕ್ಕೆ 13,46,268. ನಮ್ಮ ಹತ್ತು ಲಕ್ಷಕ್ಕೆ 29 ಎಟುಕುವುದಿಲ್ಲ, ಎಷ್ಟೇ ಕೆಟ್ಟ ಕ್ರಮದಲ್ಲಿ ತುಂಬಿಸಿದರೂ ಎತ್ತರ 28 ದಾಟದು. ಎಲ್ಲ ಮಟ್ಟಗಳನ್ನೂ ಭರ್ತಿ ತುಂಬಿದ ಮರಕ್ಕೂ 20 ಬೇಕು. ಫಿಬೊನಾಚಿ ಸಂಖ್ಯೆ ಪ್ರತಿ ಹೆಜ್ಜೆಗೆ ಸುಮಾರು 1.618 ಪಟ್ಟು ಬೆಳೆಯುತ್ತದೆ, ಹಾಗಾಗಿ ಮರ ಎಷ್ಟೇ ದೊಡ್ಡದಾದರೂ ಕಟ್ಟಳೆಯ ಸಡಿಲದಿಂದ ಎತ್ತರ ಹೆಚ್ಚೆಂದರೆ ಸುಮಾರು 1.44 ಪಟ್ಟು ಆಗಬಹುದು, ಅದೂ ತೀರಾ ಬಡಕಲು ಮರದಲ್ಲಿ ಮಾತ್ರ.